899 ಚಿತ್ರಗಳು, ಒಂದು ಬ್ರಹ್ಮಕಮಲ: ಟೈಮ್‌ಲ್ಯಾಪ್ಸ್ ಜೋಡಿಸಲು ಯಾವ ಸಾಧನ, ಯಾವ ಫ್ರೇಮ್ ದರ?

ನಮ್ಮ ಮಹಡಿಯ ಕುಂಡದಲ್ಲಿ ಬ್ರಹ್ಮಕಮಲದ ಮೊಗ್ಗು ಬಾಗಿದ ಕತ್ತನ್ನು ಮೇಲೆತ್ತಿತೆಂದರೆ ಅಂದಿನ ರಾತ್ರಿಯೇ ಅರಳುತ್ತದೆ ಎಂದು ಲೆಕ್ಕ. ಅಂಥ ಒಂದು ಸಂಜೆ ಏಳೂವರೆಗೆ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಒಂದು ಸಣ್ಣ ದೀಪ ಹೊತ್ತಿಸಿ, 20 ಸೆಕೆಂಡಿಗೊಂದು ಚಿತ್ರ ತೆಗೆಯುವಂತೆ ಹೊಂದಿಸಿದೆ. ಹನ್ನೆರಡೂವರೆಗೆ ಐದು ಗಂಟೆ ತುಂಬಿತು, 900 ಚಿತ್ರಗಳಾದವು. ಹೂವು ತನ್ನ ಪಾಡಿಗೆ ಸೊಗಸಾಗಿ ಅರಳಿತ್ತು. ತೊಡಕು ಕಾಣಿಸಿಕೊಂಡದ್ದು ಮರುದಿನ, ಚಿತ್ರಗಳನ್ನು ವಿಡಿಯೊ ಆಗಿ ಜೋಡಿಸಲು ಕುಳಿತಾಗ.

ಚಿತ್ರಗಳೆಲ್ಲ ಒಂದೇ ಫೋಲ್ಡರ್‌ನಲ್ಲಿದ್ದವು. ಮೊದಲ ಚಿತ್ರದ ಹೆಸರು `IMG_9412.JPG`. ಆದರೆ ಈ ಬಗೆಯ ಕ್ಯಾಮೆರಾಗಳ ಎಣಿಕೆ 9999ಕ್ಕೆ ಮುಗಿದು ಮತ್ತೆ 0001ರಿಂದ ಶುರುವಾಗುತ್ತದೆ. ರಾತ್ರಿ 10.46ರ ಹೊತ್ತಿಗೆ, ಹೂವು ಮುಕ್ಕಾಲು ಅರಳಿದ್ದಾಗ, ಎಣಿಕೆ ಹಾಗೆ ಸುತ್ತು ಹಾಕಿತ್ತು. ಕೊನೆಯ ಚಿತ್ರ `IMG_0312.JPG`. ನಡುವೆ 9.16ಕ್ಕೆ ಅತ್ತಿಗೆ ಟಾರ್ಚ್ ಹಿಡಿದು ಹೂ ನೋಡಲು ಬಂದಿದ್ದರು. ಆ ಒಂದು ಚಿತ್ರ, `IMG_9730.JPG`, ಬೆಳಕಿನಿಂದ ಬೆಳ್ಳಗಾಗಿತ್ತು, ಅಳಿಸಿಹಾಕಿದೆ. ಉಳಿದದ್ದು 899.

ಇಂಥ ಫೋಲ್ಡರ್ ಅಪರೂಪದ್ದೇನಲ್ಲ. ಸಾವಿರಗಟ್ಟಲೆ ಚಿತ್ರ ತೆಗೆಯುವವರಿಗೆ ಎಣಿಕೆ ಸುತ್ತುವುದೂ ನಡುವೆ ಒಂದೆರಡು ಸಂಖ್ಯೆ ಬಿಟ್ಟುಹೋಗುವುದೂ ನಿತ್ಯದ ಮಾತು. ಆದ್ದರಿಂದ ಈ 899 ಚಿತ್ರಗಳನ್ನೇ ಮುಂದಿಟ್ಟುಕೊಂಡು ಸಾಧನಗಳನ್ನು ಹೋಲಿಸುತ್ತೇನೆ. ಅದಕ್ಕೂ ಮೊದಲು ಫ್ರೇಮ್ ದರವನ್ನು ತೀರ್ಮಾನಿಸಬೇಕು, ಏಕೆಂದರೆ ತಪ್ಪು ದರ ಕೊಟ್ಟರೆ ಯಾವ ಸಾಧನವೂ ಅದನ್ನು ಸರಿಪಡಿಸಿಕೊಡುವುದಿಲ್ಲ.

## ದರ ಒಂದಲ್ಲ, ಎರಡು

‘ಫ್ರೇಮ್ ದರ’ ಎಂಬ ಒಂದೇ ಹೆಸರಿನ ಹಿಂದೆ ಎರಡು ಬೇರೆ ಸಂಖ್ಯೆಗಳಿವೆ. ಸೆಕೆಂಡಿಗೆ ಎಷ್ಟು ಛಾಯಾಚಿತ್ರಗಳು ಖರ್ಚಾಗಬೇಕು ಎಂಬುದು ಮೊದಲನೆಯದು. ಅದನ್ನು ಓದುವ ದರ ಎಂದು ಕರೆಯೋಣ. ತಯಾರಾದ ವಿಡಿಯೊ ಕಡತದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್‌ಗಳಿರಬೇಕು ಎಂಬುದು ಎರಡನೆಯದು, ಬರೆಯುವ ದರ. ಹೂವು ಎಷ್ಟು ಬೇಗ ಅರಳುತ್ತದೆ ಎಂಬುದನ್ನು ಓದುವ ದರ ನಿರ್ಧರಿಸುತ್ತದೆ. ಆ ಕಡತ ಪರದೆಯ ಮೇಲೆ ಎಷ್ಟು ಸಮನಾಗಿ ಓಡುತ್ತದೆ ಎಂಬುದು ಬರೆಯುವ ದರಕ್ಕೆ ಸೇರಿದ್ದು. ಇವೆರಡನ್ನೂ ಒಂದೇ ಎಂದುಕೊಂಡಾಗಲೇ ಬಹುಪಾಲು ಟೈಮ್‌ಲ್ಯಾಪ್ಸ್‌ಗಳು ಕೆಡುತ್ತವೆ.

ಓದುವ ದರದ ಲೆಕ್ಕ ಸುಲಭ. ಚಿತ್ರಗಳ ಸಂಖ್ಯೆಯನ್ನು ದರದಿಂದ ಭಾಗಿಸಿದರೆ ವಿಡಿಯೊದ ಉದ್ದ ಸಿಗುತ್ತದೆ. 899 ಚಿತ್ರಗಳನ್ನು ಸೆಕೆಂಡಿಗೆ 30ರಂತೆ ಓದಿದರೆ ಸುಮಾರು 30 ಸೆಕೆಂಡು, 25ರಂತೆ ಓದಿದರೆ 36, 15ರಂತೆ ಓದಿದರೆ ಒಂದು ನಿಮಿಷ. ಎರಡು ಚಿತ್ರಗಳ ನಡುವಿನ ಅಂತರವನ್ನು ಅದೇ ದರದಿಂದ ಗುಣಿಸಿದರೆ ಕಾಲ ಎಷ್ಟು ಪಟ್ಟು ಓಡುತ್ತಿದೆ ಎಂಬುದು ತಿಳಿಯುತ್ತದೆ. 20 ಸೆಕೆಂಡು ಅಂತರ, ದರ 30 ಎಂದರೆ 600 ಪಟ್ಟು ವೇಗ.

ಬರೆಯುವ ದರವನ್ನು ಆರಿಸುವಾಗ ವಿಡಿಯೊವನ್ನು ಎಲ್ಲಿ ನೋಡುತ್ತಾರೆ ಎಂದು ಕೇಳಿಕೊಳ್ಳಬೇಕು. ಸಾಮಾನ್ಯ ಕಂಪ್ಯೂಟರ್ ಪರದೆಗಳೂ ಬಹಳಷ್ಟು ಮೊಬೈಲ್‌ಗಳೂ ಸೆಕೆಂಡಿಗೆ 60 ಬಾರಿ ಚಿತ್ರವನ್ನು ಹೊಸದಾಗಿ ಮೂಡಿಸುತ್ತವೆ. 30 ಫ್ರೇಮ್‌ನ ವಿಡಿಯೊ ಅಲ್ಲಿ ಪ್ರತಿ ಫ್ರೇಮ್‌ಗೂ ಸರಿಯಾಗಿ ಎರಡೆರಡು ಸರದಿ ಪಡೆಯುತ್ತದೆ. 24ರ ವಿಡಿಯೊದಲ್ಲಿ ಒಂದು ಫ್ರೇಮ್ ಮೂರು ಸರದಿ ನಿಂತರೆ ಮುಂದಿನದು ಎರಡೇ ಸರದಿ ನಿಲ್ಲುತ್ತದೆ. 25ಕ್ಕೂ ಇದೇ ಬಗೆಯ ಏರುಪೇರು. ನಟರು ಓಡಾಡುವ ಸಿನಿಮಾದಲ್ಲಿ ಕಣ್ಣು ಇದನ್ನು ಗಮನಿಸುವುದಿಲ್ಲ. ಆದರೆ ಮೋಡ, ಎಸಳು, ನೆರಳು ಇಂಥವು ನಿಧಾನವಾಗಿ ಒಂದೇ ದಿಕ್ಕಿಗೆ ಸರಿಯುವಾಗ ಸಣ್ಣ ಕುಂಟು ಕಾಣುತ್ತದೆ. ಹೀಗಾಗಿ ಮೊಬೈಲ್‌ನಲ್ಲಿ, ಅಂತರ್ಜಾಲದಲ್ಲಿ ನೋಡುವ ವಿಡಿಯೊಗೆ ನಾನು 30ನ್ನೇ ಆರಿಸುತ್ತೇನೆ. ನಮ್ಮ ದೇಶದ ದೂರದರ್ಶನ ಪ್ರಸಾರ 25ರ ಪದ್ಧತಿಯದು. ಟಿ.ವಿ. ಕಾರ್ಯಕ್ರಮಕ್ಕೋ, 25ರಲ್ಲಿ ಚಿತ್ರೀಕರಿಸಿದ ಸಾಕ್ಷ್ಯಚಿತ್ರಕ್ಕೋ ಕೊಡುವುದಾದರೆ 25. ಸಿನಿಮಾದ ಟೈಮ್‌ಲೈನ್‌ನಲ್ಲಿ ಸೇರುವುದಾದರೆ 24.

ಇನ್ನು ಎರಡರ ನಡುವಿನ ಸಂಬಂಧ. ಬರೆಯುವ ದರವು ಓದುವ ದರಕ್ಕೆ ಸಮನಾಗಿರಬೇಕು, ಇಲ್ಲವೇ ಅದರ ಎರಡು ಪಟ್ಟು, ಮೂರು ಪಟ್ಟು ಹೀಗೆ ಪೂರ್ಣ ಪಟ್ಟು ಆಗಿರಬೇಕು. 15ರಂತೆ ಓದಿ 30ರಲ್ಲಿ ಬರೆದರೆ ಪ್ರತಿ ಚಿತ್ರವೂ ಎರಡು ಫ್ರೇಮ್ ನಿಲ್ಲುತ್ತದೆ. ಎಲ್ಲಕ್ಕೂ ಒಂದೇ ಪಾಲು. 25ರಂತೆ ಓದಿ 30ರಲ್ಲಿ ಬರೆದರೆ ಐದು ಚಿತ್ರಗಳು ಆರು ಫ್ರೇಮ್ ತುಂಬಬೇಕು. ಆಗ ಐದರಲ್ಲೊಂದು ಚಿತ್ರ ಎರಡು ಬಾರಿ ಬರುತ್ತದೆ. ಸೆಕೆಂಡಿಗೆ ಐದು ಬಾರಿ ಎಸಳು ಒಂದು ಕ್ಷಣ ತಡೆದು ನಿಂತು ಮತ್ತೆ ಹೊರಡುತ್ತದೆ. ಇದು ಕಂಡಾಗ ಜನ ಕ್ಯಾಮೆರಾ ಅಲುಗಾಡಿತೆಂದೋ ಗಾಳಿ ಬೀಸಿತೆಂದೋ ಭಾವಿಸುತ್ತಾರೆ. ಗಾಳಿಯ ಅಲುಗಾಟಕ್ಕೆ ಲಯವಿರುವುದಿಲ್ಲ. ದರದ ಕುಂಟು ತಾಳ ಹಾಕಿದಂತೆ ಸಮ ಅಂತರದಲ್ಲಿ ಬರುತ್ತದೆ. ಒಮ್ಮೆ ಗುರುತು ಸಿಕ್ಕರೆ ಮತ್ತೆ ಮರೆಯುವುದಿಲ್ಲ.

ಓದುವ ದರ ಎಷ್ಟು ಕೆಳಗಿಳಿಯಬಹುದು? ನನ್ನ ಕಣ್ಣಿನ ಅಳತೆಯಲ್ಲಿ ಹೂವಿಗೆ 15ರ ಕೆಳಗೆ ಇಳಿಯಬಾರದು. 10ರಲ್ಲಿ ಎಸಳು ಸರಿಯುವುದು ಮಾಯವಾಗಿ, ಜಾರುಫಲಕಗಳನ್ನು ಒಂದರ ಮೇಲೊಂದು ತೋರಿಸಿದಂತಾಗುತ್ತದೆ. ಗಾಳಿಗೆ ತೂಗಿದ ಎಲೆ 30ರಲ್ಲಿ ಸಣ್ಣಗೆ ನಡುಗಿದಂತೆ ಕಂಡರೆ, 10ರಲ್ಲಿ ಅಲ್ಲಿಂದಿಲ್ಲಿಗೆ ನೆಗೆಯುತ್ತದೆ. ವಿಡಿಯೊ ಇನ್ನೂ ನಿಧಾನವಾಗಿ ಬೇಕೆಂದರೆ ಮುಂದಿನ ಹೂವಿಗೆ 20 ಸೆಕೆಂಡಿನ ಬದಲು 10 ಸೆಕೆಂಡಿಗೊಂದು ಚಿತ್ರ ತೆಗೆಯುವುದೇ ನೇರ ದಾರಿ. ಇಲ್ಲದ ನಡುವಿನ ಫ್ರೇಮ್‌ಗಳನ್ನು ಊಹಿಸಿ ಸೃಷ್ಟಿಸುವ ಸೌಲಭ್ಯ ಹಲವು ಸಾಧನಗಳಲ್ಲಿದೆ. ಮೋಡಕ್ಕೆ ಅದು ಒಪ್ಪುತ್ತದೆ. ಒಂದರ ಮೇಲೊಂದು ಹಾಯುವ ತೆಳ್ಳನೆಯ ಎಸಳುಗಳಲ್ಲಿ ಅಂಚುಗಳು ಮೇಣದಂತೆ ಕರಗಿ ಹರಿದಾಡುತ್ತವೆ. ಹೂವಿಗೆ ಅದನ್ನು ನಾನು ಬಳಸುವುದಿಲ್ಲ.

ನನ್ನ ಬ್ರಹ್ಮಕಮಲಕ್ಕೆ ಓದುವ ದರ 30, ಬರೆಯುವ ದರ 30 ಎಂದು ನಿಶ್ಚಯಿಸಿದೆ. ಅರ್ಧ ನಿಮಿಷದ ವಿಡಿಯೊ, 899 ಫ್ರೇಮ್. ಈ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತವೆ.

## `ffmpeg`: ಒಂದು ಸಾಲಿನ ಆದೇಶ

ಬಟನ್‌ಗಳಿಲ್ಲದ, ಆದೇಶವನ್ನು ಟೈಪ್ ಮಾಡಿ ನಡೆಸುವ ಉಚಿತ ಸಾಧನವಿದು. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಕೆಲಸ ಮಾಡುತ್ತದೆ, ಹೇಳಿದಷ್ಟನ್ನೇ ಮಾಡುತ್ತದೆ. ಅದರ ಬಲವೂ ಅಪಾಯವೂ ಇದೇ.

ನನ್ನ ಫೋಲ್ಡರ್‌ಗೆ `IMG_%04d.JPG` ಎಂಬ ಮಾದರಿಯನ್ನು ಕೊಟ್ಟಾಗ ಸಿಕ್ಕಿದ್ದು ಹತ್ತು ಸೆಕೆಂಡಿನ ವಿಡಿಯೊ. ಅದು ಶುರುವಾದದ್ದೇ ಮುಕ್ಕಾಲು ಅರಳಿದ ಹೂವಿನಿಂದ. ಕಾರಣ ಸರಳ: ಆರಂಭದ ಸಂಖ್ಯೆ ಹೇಳದಿದ್ದರೆ ಅದು 0ಯಿಂದ 4ರೊಳಗೆ ಮೊದಲ ಚಿತ್ರವನ್ನು ಹುಡುಕುತ್ತದೆ. `IMG_0001` ಸಿಕ್ಕಿತು, ಅಲ್ಲಿಂದ 312ರವರೆಗೆ ಓದಿ ಮುಗಿಸಿತು. `-start_number 9412` ಎಂದು ಸೇರಿಸಿದೆ. ಈಗ ಮೊಗ್ಗು ಬಂತು, ಆದರೆ 318 ಚಿತ್ರಗಳಾದ ಮೇಲೆ, ಅಳಿಸಿದ 9730ರ ಬಳಿ, ವಿಡಿಯೊ ನಿಂತುಹೋಯಿತು. ಮತ್ತೆ ಹತ್ತೇ ಸೆಕೆಂಡು! ಪರದೆಯಲ್ಲಿ ಹರಿದುಹೋಗುವ ಸಾಲುಗಳ ನಡುವೆ ಕಡತ ತೆರೆಯಲಾಗಲಿಲ್ಲ ಎಂಬ ಸೂಚನೆ ಇರುತ್ತದೆ, ಆದರೆ ವಿಡಿಯೊ ಕಡತ ತಯಾರಾಗಿ ಕುಳಿತಿರುವುದರಿಂದ ಅದನ್ನು ಯಾರೂ ಓದುವುದಿಲ್ಲ.

ಹೆಸರುಗಳನ್ನು ಅಕಾರಾದಿಯಾಗಿ ತೆಗೆದುಕೊಳ್ಳುವ `-pattern_type glob` ಎಂಬ ಇನ್ನೊಂದು ದಾರಿಯಿದೆ. ಬಿಟ್ಟುಹೋದ ಸಂಖ್ಯೆ ಅದಕ್ಕೆ ತೊಡಕಲ್ಲ. ಆದರೆ ನನ್ನ ಫೋಲ್ಡರ್‌ನಲ್ಲಿ ಅದು 0001ನ್ನು ಮೊದಲಿಗೆ ತಂದು, ಅರಳಿದ ಹೂವನ್ನು ತೋರಿಸಿ ಆಮೇಲೆ ಮೊಗ್ಗಿಗೆ ಹಾರುತ್ತದೆ. ಮುಂದೆ ಸೊನ್ನೆಗಳಿಲ್ಲದ 1, 2, 10 ಎಂಬ ಹೆಸರುಗಳಿದ್ದರೆ 1ರ ನಂತರ 10, ಅದರ ನಂತರ 100 ಬರುತ್ತವೆ. ವಿಂಡೋಸ್‌ಗಾಗಿ ಸಿಗುವ ಸಾಮಾನ್ಯ ಆವೃತ್ತಿಗಳಲ್ಲಿ ಈ ಸೌಲಭ್ಯವೇ ಇರುವುದಿಲ್ಲ.

ಆದ್ದರಿಂದ ನಾನು ಮಾಡುವುದು ಒಂದೇ: ಮೂಲ ಚಿತ್ರಗಳನ್ನು ಮುಟ್ಟದೆ, ಸರಿಯಾದ ಕ್ರಮದಲ್ಲಿ ಹೊಸ ಸಂಖ್ಯೆ ಕೊಟ್ಟು ಬೇರೊಂದು ಫೋಲ್ಡರ್‌ಗೆ ನಕಲು ಮಾಡಿಕೊಳ್ಳುವುದು. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಹೀಗೆ:

```
mkdir sarani
n=1
for f in IMG_9*.JPG IMG_0*.JPG; do
  cp "$f" "$(printf 'sarani/f%05d.jpg' $n)"
  n=$((n+1))
done
ls sarani | wc -l
```

ಮೊದಲು 9ರಿಂದ ಶುರುವಾಗುವ ಹೆಸರುಗಳು, ನಂತರ 0ಯಿಂದ ಶುರುವಾಗುವವು ಎಂದು ನಾವೇ ಹೇಳಿರುವುದರಿಂದ ಸುತ್ತು ಹಾಕಿದ ಎಣಿಕೆ ನೇರವಾಗುತ್ತದೆ. ಕೊನೆಯ ಸಾಲು ಎಷ್ಟು ಚಿತ್ರಗಳಾದವೆಂದು ಹೇಳುತ್ತದೆ. ಅಲ್ಲಿ 899 ಕಾಣಬೇಕು. ವಿಂಡೋಸ್‌ನಲ್ಲಿ ಇದಕ್ಕೆ ಆದೇಶವೇ ಬೇಡ. ಚಿತ್ರಗಳನ್ನು ಇನ್ನೊಂದು ಫೋಲ್ಡರ್‌ಗೆ ನಕಲಿಸಿ, ತೆಗೆದ ದಿನಾಂಕದ ಪ್ರಕಾರ ಹೊಂದಿಸಿ, ಎಲ್ಲವನ್ನೂ ಆಯ್ಕೆ ಮಾಡಿ, ಮೊದಲ ಚಿತ್ರದ ಮೇಲಿರುವಾಗ ಹೆಸರು ಬದಲಿಸಿ `f` ಎಂದು ಕೊಟ್ಟರೆ `f (1).jpg`, `f (2).jpg` ಎಂದು ಸಾಲಾಗಿ ಹೆಸರು ಬರುತ್ತದೆ. ಆಗ `ffmpeg`ಗೆ ಕೊಡಬೇಕಾದ ಮಾದರಿ `"f (%d).jpg"`. ಸೊನ್ನೆಗಳಿಲ್ಲದ ಸಂಖ್ಯೆಯನ್ನು `%d` ಸರಿಯಾಗಿಯೇ ಎಣಿಸುತ್ತದೆ. ಇದೇ ಆದೇಶವನ್ನು ಬ್ಯಾಚ್ ಕಡತದಲ್ಲಿ ಬರೆದಿಡುವುದಾದರೆ `%` ಚಿಹ್ನೆಯನ್ನು ಎರಡು ಬಾರಿ ಬರೆಯಬೇಕು.

ಈಗ ಜೋಡಣೆ. ವಿಂಡೋಸ್‌ನಲ್ಲಾದರೆ ಸಾಲಿನ ಕೊನೆಯ `\` ಬಿಟ್ಟು ಎಲ್ಲವನ್ನೂ ಒಂದೇ ಸಾಲಿನಲ್ಲಿ ಟೈಪ್ ಮಾಡಬೇಕು:

```
ffmpeg -framerate 30 -i sarani/f%05d.jpg \
  -vf "scale=3840:-2,crop=3840:2160" \
  -c:v libx264 -crf 18 -pix_fmt yuv420p hoovu.mp4
```

ಇಲ್ಲಿ `-framerate 30` ಎಂಬುದು ಓದುವ ದರ. ಅದು `-i`ಗಿಂತ ಮೊದಲೇ ಬರಬೇಕು. ಬರೆಯುವ ದರವನ್ನು ಪ್ರತ್ಯೇಕವಾಗಿ ಹೇಳದಿದ್ದರೆ ಅದೂ 30 ಆಗುತ್ತದೆ. ಎಷ್ಟೋ ಮಂದಿ `-framerate` ಬಿಟ್ಟು, ಕೊನೆಯಲ್ಲಿ `-r 30` ಎಂದಷ್ಟೇ ಬರೆಯುತ್ತಾರೆ. ಆಗ ಓದುವ ದರ ಸದ್ದಿಲ್ಲದೆ 25 ಆಗಿಬಿಡುತ್ತದೆ, ಏಕೆಂದರೆ ಹೇಳದಿದ್ದಾಗ ಅದು ಹಿಡಿಯುವ ಸಂಖ್ಯೆ ಅದೇ. 25ರಂತೆ ಓದಿ 30ರಲ್ಲಿ ಬರೆದು, ಮೇಲೆ ಹೇಳಿದ ಐದಕ್ಕೊಂದು ಕುಂಟು ಬರುತ್ತದೆ. ವಿಡಿಯೊ 30 ಸೆಕೆಂಡಿನ ಬದಲು 36 ಸೆಕೆಂಡು ಆಗುತ್ತದೆ. ಕೆಲಸ ನಡೆಯುವಾಗ ಪರದೆಯ ಕೊನೆಯ ಸಾಲಿನಲ್ಲಿ `dup=` ಎಂದು ಏರುತ್ತ ಹೋಗುವ ಸಂಖ್ಯೆ ಕಂಡರೆ ಚಿತ್ರಗಳು ಪುನರಾವರ್ತನೆಯಾಗುತ್ತಿವೆ ಎಂದೇ ಅರ್ಥ. `drop=` ಏರಿದರೆ ಚಿತ್ರಗಳು ಬಿದ್ದುಹೋಗುತ್ತಿವೆ. ನಾವೇ ಬೇಕೆಂದು 15ರಲ್ಲಿ ಓದಿ `-r 30` ಎಂದು ಬರೆದಾಗ `dup=` ಕಾಣುವುದು ಸಹಜ. ಬೇರೆ ಸಮಯದಲ್ಲಿ ಕಂಡರೆ ಅಲ್ಲಿಯೇ ನಿಲ್ಲಿಸಿ ಆದೇಶವನ್ನು ಮತ್ತೊಮ್ಮೆ ಓದಬೇಕು.

ಉಳಿದ ಭಾಗಗಳಲ್ಲಿ ಎರಡಕ್ಕೆ ಕಾರಣ ಹೇಳಲೇಬೇಕು. ನನ್ನ ಚಿತ್ರಗಳ ಅಳತೆ 6000×4000. ಅಷ್ಟು ದೊಡ್ಡ ವಿಡಿಯೊವನ್ನು ಮೊಬೈಲ್‌ಗಳು ತೆರೆಯಲು ಹೆಣಗುತ್ತವೆ. ಆದ್ದರಿಂದ ಅಗಲವನ್ನು 3840ಕ್ಕೆ ಇಳಿಸಿ, ಎತ್ತರದಲ್ಲಿ ಮೇಲೆ 200, ಕೆಳಗೆ 200 ಸಾಲುಗಳನ್ನು ಕತ್ತರಿಸಿದೆ. ಹೂವು ಅಂಚಿಗೆ ತಾಗುವಂತಿದ್ದರೆ ಈ ಕತ್ತರಿ ಎಸಳಿಗೇ ಬೀಳುತ್ತದೆ. ಚಿತ್ರ ತೆಗೆಯುವಾಗಲೇ ಮೇಲೆ ಕೆಳಗೆ ಜಾಗ ಬಿಡುವುದು ಒಳ್ಳೆಯದು. ಇನ್ನು `-pix_fmt yuv420p` ಬಿಟ್ಟರೆ, ಜೆಪೆಗ್ ಚಿತ್ರದಲ್ಲಿರುವ ಬಣ್ಣದ ವಿನ್ಯಾಸವೇ ವಿಡಿಯೊಗೂ ಬಂದು, ಕಂಪ್ಯೂಟರ್‌ನಲ್ಲಿ ಓಡುವ ಕಡತ ಮೊಬೈಲ್‌ನಲ್ಲಿ ಕಪ್ಪು ಪರದೆಯಾಗಬಹುದು. ನಿಮ್ಮಲ್ಲಿ ಓಡಿ ನೆಂಟರ ಮೊಬೈಲ್‌ನಲ್ಲಿ ಓಡದಿದ್ದರೆ ಮೊದಲು ಇದನ್ನೇ ನೋಡಿ.

## ಡಾವಿಂಚಿ ರಿಸಾಲ್ವ್: ಕಂತುಗಳನ್ನು ಕಣ್ಣಿಗೆ ಕಾಣಿಸುವ ದಾರಿ

ಬಣ್ಣ ತಿದ್ದಲು ಹೆಸರಾದ ಈ ತಂತ್ರಾಂಶದ ಉಚಿತ ಆವೃತ್ತಿಯೇ ನಮ್ಮ ಕೆಲಸಕ್ಕೆ ಸಾಕು. 3840×2160ರ ಅಳತೆ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಅದು ಕೊಡುತ್ತದೆ. ಆದರೆ ಕಂಪ್ಯೂಟರ್‌ಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಛಾಯಾಚಿತ್ರಗಳ ಸರಣಿ ಎಳೆದಾಡುತ್ತ ಓಡುತ್ತದೆ. ಆ ಎಳೆತವನ್ನು ಫ್ರೇಮ್ ದರದ ತಪ್ಪೆಂದು ತಿಳಿಯಬಾರದು. ರಫ್ತು ಮಾಡಿದ ವಿಡಿಯೊವನ್ನು ನೋಡಿಯೇ ತೀರ್ಪು ಕೊಡಬೇಕು.

ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಫೋಲ್ಡರ್ ಅನ್ನು ಓದುವ ರೀತಿ. ಮೀಡಿಯಾ ಪುಟದ ಮೂರು ಚುಕ್ಕಿಗಳ ಪಟ್ಟಿಯಲ್ಲಿ `Frame Display Mode` ಎಂಬುದನ್ನು `Sequence` ಎಂದು ಇಟ್ಟರೆ ಸಾಲು ಸಂಖ್ಯೆಯ ಚಿತ್ರಗಳು ಒಂದೇ ತುಣುಕಾಗಿ ಕಾಣುತ್ತವೆ. ನನ್ನ ಫೋಲ್ಡರ್ ಮೂರು ತುಣುಕುಗಳಾಗಿ ಕಂಡಿತು: 0001ರಿಂದ 0312, 9412ರಿಂದ 9729, 9731ರಿಂದ 9999. ಎಣಿಕೆ ಎಲ್ಲಿ ಸುತ್ತು ಹಾಕಿತು, ಯಾವ ಚಿತ್ರ ಇಲ್ಲ ಎಂಬುದು ಯಾವ ಲೆಕ್ಕವೂ ಇಲ್ಲದೆ ಎದುರಿಗೆ ಬಂದು ನಿಂತಿತು. ಹೊಸ ಹೆಸರು ಕೊಡುವ ಅಗತ್ಯವಿಲ್ಲ. ಎರಡನೆಯದು, ಮೂರನೆಯದು, ಆಮೇಲೆ ಮೊದಲನೆಯದು ಎಂದು ಟೈಮ್‌ಲೈನ್‌ನಲ್ಲಿ ಇಟ್ಟರೆ ಮುಗಿಯಿತು. ಒಂದು ಚಿತ್ರ ಕಾಣೆಯಾದ ಜಾಗದಲ್ಲಿ 20ರ ಬದಲು 40 ಸೆಕೆಂಡು ಹಾರಿದಂತಾಯಿತು, 30ರ ವೇಗದಲ್ಲಿ ಅದು ಗೊತ್ತಾಗುವುದೇ ಇಲ್ಲ. ಬ್ಯಾಟರಿ ಬದಲಿಸಲು ಮೂರು ನಿಮಿಷ ಹಿಡಿದಿದ್ದರೆ ಒಂಬತ್ತು ಚಿತ್ರಗಳ ಜಿಗಿತವಾಗುತ್ತದೆ. ಅದು ಕಾಣುತ್ತದೆ, ಅಲ್ಲಿ ಎರಡು ತುಣುಕುಗಳು ಒಂದರೊಳಗೊಂದು ಕರಗುವಂತೆ ಮಾಡುವುದೇ ಮೇಲು.

ಫ್ರೇಮ್ ದರವನ್ನು ಇಲ್ಲಿ ಎಲ್ಲಕ್ಕಿಂತ ಮೊದಲು ಹೊಂದಿಸಬೇಕು. ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ, ಚಿತ್ರ ತರುವುದಕ್ಕೂ ಮೊದಲು, ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಟೈಮ್‌ಲೈನ್ ದರವನ್ನು 30 ಎಂದು ಇಡಿ. ಬಿಟ್ಟರೆ ಅದು 24ರಲ್ಲೇ ಇರುತ್ತದೆ, ಕೆಲಸ ಶುರುವಾದ ಮೇಲೆ ಬದಲಿಸಲು ಬಿಡುವುದಿಲ್ಲ. ಪಟ್ಟಿಯಲ್ಲಿ 29.97, 23.976 ಎಂಬ ದರಗಳೂ ಕಾಣುತ್ತವೆ. ಬೇರೆ ದೇಶಗಳ ಪ್ರಸಾರ ಪದ್ಧತಿಯಿಂದ ಉಳಿದುಬಂದ ಸಂಖ್ಯೆಗಳವು, ಬಿಡಿ ಛಾಯಾಚಿತ್ರಗಳಿಂದ ಕಟ್ಟುವ ವಿಡಿಯೊಗೆ ಅವುಗಳ ಹಂಗಿಲ್ಲ. ಆಮೇಲೆ ಪ್ರತಿ ತುಣುಕಿನ ಮೇಲೂ ಬಲಗುಂಡಿ ಒತ್ತಿ `Clip Attributes` ತೆರೆದು ಅಲ್ಲಿಯ ದರವೂ 30 ಇದೆಯೇ ಎಂದು ನೋಡಿ. ಇದೇ ಓದುವ ದರ. ಟೈಮ್‌ಲೈನ್‌ನದು ಬರೆಯುವ ದರ. ಟೈಮ್‌ಲೈನ್ 24, ತುಣುಕು 30 ಆಗಿದ್ದರೆ ರಿಸಾಲ್ವ್ ಐದರಲ್ಲೊಂದು ಚಿತ್ರವನ್ನು ಎತ್ತಿಹಾಕಿ ಲೆಕ್ಕ ಸರಿದೂಗಿಸುತ್ತದೆ. ದೂರು ಹೇಳುವುದಿಲ್ಲ.

ಛಾಯಾಚಿತ್ರದ 3:2 ಆಕಾರ ವಿಡಿಯೊದ 16:9 ಚೌಕಟ್ಟಿನಲ್ಲಿ ಕುಳಿತಾಗ ಎಡಬಲಕ್ಕೆ ಕಪ್ಪು ಪಟ್ಟಿ ಬರುತ್ತದೆ. `Image Scaling`ನಲ್ಲಿ `Scale full frame with crop` ಆರಿಸಿದರೆ ಅದು ಹೋಗುತ್ತದೆ. ಮುಂದೆ ಬಣ್ಣದ ತಿದ್ದುಪಡಿ ಇದೆ. ದೀಪದ ಹಳದಿಯನ್ನು ಇಳಿಸಿ ಹೂವಿನ ಬಿಳಿಯನ್ನು ಬಿಳಿಯಾಗಿಸುವುದು, ನಿಧಾನವಾಗಿ ಹತ್ತಿರ ಸರಿಯುವ ನೋಟ ಕೊಡುವುದು, ಕೊನೆಗೆ ಸಂಗೀತ ಸೇರಿಸುವುದು, ಇವೆಲ್ಲ ಇಲ್ಲಿ ಕೈಗೆಟಕುವಷ್ಟು ಹತ್ತಿರ. `ffmpeg`ನಲ್ಲೂ ಮಾಡಬಹುದು, ಆದರೆ ಕಣ್ಣು ಕಟ್ಟಿಕೊಂಡು ರಂಗೋಲಿ ಹಾಕಿದಂತೆ. ಬೆಳಕು ಚಿತ್ರದಿಂದ ಚಿತ್ರಕ್ಕೆ ಮಿಣುಕುವುದನ್ನು ಸರಿಪಡಿಸುವ ಸೌಲಭ್ಯ ಮಾತ್ರ ರಿಸಾಲ್ವ್‌ನ ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲಿದೆ. `ffmpeg`ನಲ್ಲಿ `deflicker` ಎಂಬ ಶೋಧಕ ಉಚಿತವಾಗಿಯೇ ಸಿಗುತ್ತದೆ, ಸಣ್ಣ ಮಿಣುಕಿಗೆ ಅದು ಸಾಕು.

## ಉಳಿದ ಮೂರು

ಆದೇಶ ಟೈಪ್ ಮಾಡಲು ಮನಸ್ಸಿಲ್ಲ, ರಿಸಾಲ್ವ್ ಓಡಿಸುವ ಕಂಪ್ಯೂಟರೂ ಇಲ್ಲ ಎನ್ನುವವರಿಗೆ ಶಾಟ್‌ಕಟ್ ಇದೆ. ಉಚಿತ, ಹಗುರ. ಮೊದಲು ವಿಡಿಯೊ ಮೋಡ್‌ನಲ್ಲಿ 30 ಫ್ರೇಮ್‌ನದನ್ನು ಕೈಯಾರೆ ಆರಿಸಬೇಕು. ನಂತರ ಹೊಸ ಸಂಖ್ಯೆ ಕೊಟ್ಟ ಸರಣಿಯ ಮೊದಲ ಚಿತ್ರವನ್ನಷ್ಟೇ ತೆರೆದು, `Properties`ನಲ್ಲಿ `Image sequence` ಎಂಬುದಕ್ಕೆ ಗುರುತು ಹಾಕಬೇಕು. ಉಳಿದ ಚಿತ್ರಗಳನ್ನು ಅದೇ ಹುಡುಕಿಕೊಳ್ಳುತ್ತದೆ. ಅಲ್ಲೇ ಇರುವ `Repeat` ಎಂಬ ಸಂಖ್ಯೆಯಲ್ಲಿ ನಮ್ಮ ಎರಡು ದರಗಳ ಸಂಬಂಧ ಅಡಗಿದೆ: 1 ಎಂದರೆ ಸೆಕೆಂಡಿಗೆ 30 ಚಿತ್ರ, 2 ಎಂದರೆ 15. ಪೂರ್ಣ ಸಂಖ್ಯೆಯನ್ನಷ್ಟೇ ಅದು ಒಪ್ಪುವುದರಿಂದ ಐದಕ್ಕೊಂದು ಕುಂಟು ಬರುವ ದಾರಿಯೇ ಮುಚ್ಚಿದಂತೆ. ಹೊಸಬರಿಗೆ ನಾನು ಇದನ್ನು ಸೂಚಿಸುವುದು ಈ ಕಾರಣಕ್ಕೆ. ಎಚ್ಚರ ಬೇಕಾದದ್ದು ಒಂದು ಕಡೆ: 899 ಚಿತ್ರಗಳನ್ನೂ ಆಯ್ದು ಟೈಮ್‌ಲೈನ್ ಮೇಲೆ ಎಳೆದರೆ ಒಂದೊಂದೂ ಕೆಲವು ಸೆಕೆಂಡು ನಿಲ್ಲುವ ಸ್ಲೈಡ್ ಆಗಿಬಿಡುತ್ತದೆ. ನಾಲ್ಕು ಸೆಕೆಂಡಿನಂತೆ ಲೆಕ್ಕ ಹಾಕಿದರೂ ವಿಡಿಯೊ ಒಂದು ಗಂಟೆಯಾಗುತ್ತದೆ.

ಮ್ಯಾಕ್ ಇರುವವರಿಗೆ ಹೊಸ ತಂತ್ರಾಂಶವೇ ಬೇಕಿಲ್ಲ. ಕ್ವಿಕ್‌ಟೈಮ್ ಪ್ಲೇಯರ್‌ನ `File` ಪಟ್ಟಿಯಲ್ಲಿ `Open Image Sequence` ಇದೆ. ಫೋಲ್ಡರ್ ತೋರಿಸಿದರೆ ಅಳತೆ, ಫ್ರೇಮ್ ದರ, ಕಡತದ ಬಗೆ ಎಂದು ಮೂರು ಪ್ರಶ್ನೆ ಕೇಳಿ ಕೆಲಸ ಮುಗಿಸುತ್ತದೆ. ಅದು ಕೇಳುವ ದರ ಒಂದೇ, ಓದುವುದೂ ಬರೆಯುವುದೂ ಅದರಲ್ಲೇ. ಹೆಸರಿನ ಕ್ರಮವನ್ನೇ ಅದು ನಂಬುವುದರಿಂದ ಹೊಸ ಸಂಖ್ಯೆ ಕೊಡುವ ಕೆಲಸ ಇಲ್ಲಿ ತಪ್ಪುವುದಿಲ್ಲ.

ಬ್ಲೆಂಡರ್ ಈಗಾಗಲೇ ಬಳಸುತ್ತಿರುವವರು ಅದರ ವಿಡಿಯೊ ಸೀಕ್ವೆನ್ಸರ್‌ನಲ್ಲಿ ಜೋಡಿಸಬಹುದು. ಇದಕ್ಕೆಂದೇ ಕಲಿಯುವಷ್ಟು ಲಾಭವಿಲ್ಲ. ಅಲ್ಲಿ ಎಲ್ಲರೂ ಎಡವುವ ಕಲ್ಲು ಕೊನೆಯ ಫ್ರೇಮ್‌ನ ಸಂಖ್ಯೆ. ಅದು 250 ಎಂದಿರುತ್ತದೆ, ದರ 24. ಬದಲಿಸದೆ ರೆಂಡರ್ ಮಾಡಿದರೆ ಹತ್ತು ಸೆಕೆಂಡು ಚಿಲ್ಲರೆಗೆ ವಿಡಿಯೊ ಮುಗಿದು, ಮೊಗ್ಗು ಬಾಯಿ ಬಿಡುವುದರೊಳಗೆ ಕತ್ತಲಾಗುತ್ತದೆ. ಕೊನೆಯ ಫ್ರೇಮ್ 899, ದರ 30 ಎಂದು ತಿದ್ದಬೇಕು. ಬಣ್ಣ ಮಂಕಾಗಿ ಕಂಡರೆ `View Transform` ಅನ್ನು `Standard` ಮಾಡಬೇಕು.

## ತಯಾರಾದ ಕಡತದ ಪರೀಕ್ಷೆ

ಯಾವ ಸಾಧನದಿಂದ ಮಾಡಿದರೂ ಪರೀಕ್ಷೆ ಒಂದೇ. ಕಣ್ಣಿನಿಂದ ನೋಡಿದರೆ ಸಾಲದು, ಎಣಿಸಬೇಕು. `ffmpeg` ಜೊತೆಗೇ ಬರುವ `ffprobe` ಅದನ್ನು ಎಣಿಸಿಕೊಡುತ್ತದೆ:

```
ffprobe -v error -count_frames -select_streams v:0 \
  -show_entries stream=r_frame_rate,duration,nb_read_frames \
  -of default=nw=1 hoovu.mp4
```

ನನಗೆ ಬಂದ ಉತ್ತರ:

```
r_frame_rate=30/1
duration=29.966667
nb_read_frames=899
```

ಕಾಗದದ ಮೇಲೆ ಬರೆದಿಟ್ಟ ಸಂಖ್ಯೆಗಳೊಂದಿಗೆ ಇದನ್ನು ಹೋಲಿಸಿ. ಫ್ರೇಮ್‌ಗಳು 899ಕ್ಕಿಂತ ಬಹಳ ಕಡಿಮೆ ಇದ್ದು ಉದ್ದವೂ ಕಡಿಮೆಯಿದ್ದರೆ ಸರಣಿ ನಡುವೆ ಎಲ್ಲೋ ಕಡಿದಿದೆ, ಸಂಖ್ಯೆಗಳನ್ನು ಹುಡುಕಿ. 318 ಎಂದು ಬಂದರೆ 319ನೆಯ ಚಿತ್ರವೇ ಕಾಣೆಯಾದದ್ದು. ಉದ್ದ ಸರಿಯಿದ್ದು ಫ್ರೇಮ್ ಕಡಿಮೆಯಿದ್ದರೆ ಬರೆಯುವ ದರ ಕೆಳಗಿದೆ, ಚಿತ್ರಗಳು ಬಿದ್ದುಹೋಗಿವೆ. ಫ್ರೇಮ್‌ಗಳು 1079ರ ಆಸುಪಾಸಿನಲ್ಲಿದ್ದು ಉದ್ದ 36 ಸೆಕೆಂಡು ಆಗಿದ್ದರೆ 25ರಂತೆ ಓದಿ 30ರಲ್ಲಿ ಬರೆದಿದ್ದೀರಿ. ಫ್ರೇಮ್ 899 ಇದ್ದೂ ಉದ್ದ 36 ಆಗಿದ್ದರೆ ಎರಡೂ ದರ 25 ಆಗಿವೆ. ಆಗ ಯಾವ ಚಿತ್ರವೂ ಹಾಳಾಗಿಲ್ಲ, ವೇಗ ಮಾತ್ರ ನೀವು ಅಂದುಕೊಂಡದ್ದಲ್ಲ.

ಈಗ ನಾನು ಎರಡನ್ನು ಜೊತೆಯಾಗಿ ಬಳಸುತ್ತೇನೆ. ಫೋಲ್ಡರ್ ಅನ್ನು ಮೊದಲು ರಿಸಾಲ್ವ್‌ನಲ್ಲಿ ತೆರೆದು ಎಷ್ಟು ತುಣುಕುಗಳಾಗಿ ಕಾಣುತ್ತದೆಂದು ನೋಡುತ್ತೇನೆ. ಬಣ್ಣದ ಕೆಲಸ ಇದ್ದರೆ ಅಲ್ಲೇ ಮುಂದುವರಿಯುತ್ತೇನೆ, ಇಲ್ಲದಿದ್ದರೆ ಹೊಸ ಸಂಖ್ಯೆ ಕೊಟ್ಟು `ffmpeg`ಗೆ ಒಪ್ಪಿಸುತ್ತೇನೆ. ವಿಡಿಯೊ ಸಿದ್ಧವಾದ ಮೇಲೂ `sarani` ಫೋಲ್ಡರ್ ಅಳಿಸುವುದಿಲ್ಲ. ಬಳಸಿದ ಆದೇಶವನ್ನು ಒಂದು ಪಠ್ಯ ಕಡತದಲ್ಲಿ ಬರೆದು ಅದರೊಳಗೇ ಇಡುತ್ತೇನೆ. ಅದು ಉಪಯೋಗಕ್ಕೆ ಬಂದದ್ದು ಕೆಲವು ತಿಂಗಳ ನಂತರ. ಟಿ.ವಿ.ಗಾಗಿ ತೋಟಗಾರಿಕೆಯ ಕಾರ್ಯಕ್ರಮ ಮಾಡುವ ಪರಿಚಯದವರೊಬ್ಬರು ಬ್ರಹ್ಮಕಮಲದ ವಿಡಿಯೊ ಕೇಳಿದರು, 25 ಫ್ರೇಮ್‌ನಲ್ಲಿ ಬೇಕೆಂದರು. ಕೈಯಲ್ಲಿದ್ದ 30ರ ವಿಡಿಯೊವನ್ನೇ 25ಕ್ಕೆ ಬದಲಿಸಿದ್ದರೆ ಆರರಲ್ಲೊಂದು ಫ್ರೇಮ್ ಬಿದ್ದು ಎಸಳುಗಳು ಜಿಗಿಯುತ್ತಿದ್ದವು. ಹಳೆಯ ಆದೇಶವನ್ನು ತೆರೆದು `-framerate 30` ಎಂಬಲ್ಲಿ 25 ಎಂದು ತಿದ್ದಿ ಮತ್ತೆ ನಡೆಸಿದೆ. 899 ಫ್ರೇಮ್, 35.96 ಸೆಕೆಂಡು, ಒಂದು ಚಿತ್ರವೂ ಕಳೆಯದೆ.